ಮೆಮೊರಿ ಕ್ಯಾಶ್ ಸಿಮ್ಯುಲೇಟರ್ ಲ್ಯಾಬ್: ಮಿಸ್ ಲೆಕ್ಕ ಜಾಸ್ತಿ ಬರ್ತಾ ಉಂಟು

ಕಾಪು_ಕೋಡರ್
ಮೂರು ದಿನ ಆಯ್ತು ಮಾರಾಯ್ರೆ. ಮಿಸ್ ಸಂಖ್ಯೆ ಲ್ಯಾಬ್‌ನಲ್ಲಿ ಕೊಟ್ಟ ಉತ್ತರಕ್ಕಿಂತ ಜಾಸ್ತಿ ಬರುತ್ತದೆ. ಕೋಡ್ ಸಾಲು ಸಾಲಾಗಿ ಓದಿದೆ, ತಪ್ಪು ಕಾಣುವುದಿಲ್ಲ. ಸೋಮವಾರ ಒಪ್ಪಿಸಬೇಕು. ಎಂತ ಮಾಡುವುದು?

ಮಣಿಪಾಲ_ಮಳೆ
ಟ್ರೇಸ್‌ನಲ್ಲಿ `M` ಇರುವ ಸಾಲು ನೋಡಿ. ಅದು ಒಂದು ಓದು, ಒಂದು ಬರಹ. ಎರಡನೆಯದು ಯಾವಾಗಲೂ ಹಿಟ್. ನೀವು ಎರಡಕ್ಕೂ ಮಿಸ್ ಹಾಕಿದ್ದೀರಿ.

ಕಾಪು_ಕೋಡರ್
ಇಲ್ಲ, ಅದು ಸರಿ ಇದೆ.

ಮಣಿಪಾಲ_ಮಳೆ
ಇನ್ನೊಮ್ಮೆ ನೋಡಿ. ನಾನೂ ಸರಿ ಇದೆ ಅಂತಲೇ ಹೇಳ್ತಿದ್ದೆ. ಕೊನೆಗೆ ತಪ್ಪು ಅಲ್ಲೇ ಇತ್ತು.

ಬಂದರು_ಬೈಟ್ಸ್
`E`, ಅಂದರೆ ಒಂದು ಸೆಟ್‌ಗೆ ಲೈನ್, ಎಷ್ಟು ಇಟ್ಟಿದ್ದೀರಿ? 1 ಇಟ್ಟರೂ ತಪ್ಪು ಬರುತ್ತದಾ?

ಕಾಪು_ಕೋಡರ್
1 ಇಟ್ಟರೆ ಎಲ್ಲ ಟ್ರೇಸ್ ಸರಿ. 2, 4 ಇಟ್ಟರೆ ಮಾತ್ರ ತಪ್ಪು. ಇದನ್ನು ಮೊದಲೇ ಹೇಳಬೇಕಿತ್ತಾ?

ಬಂದರು_ಬೈಟ್ಸ್
ಹೌದು, ಅಲ್ಲೇ ಅರ್ಧ ಉತ್ತರ ಇದೆ. `M` ತಪ್ಪಿದ್ದರೆ 1ರಲ್ಲೂ ಗೊತ್ತಾಗುತ್ತಿತ್ತು. ಸೆಟ್‌ನಲ್ಲಿ ಒಂದೇ ಲೈನ್ ಇದ್ದಾಗ ಯಾರನ್ನು ಹೊರಗೆ ಹಾಕುವುದು ಎಂಬ ಪ್ರಶ್ನೆಯೇ ಇಲ್ಲ. ಎರಡಾದ ಕೂಡಲೇ ಆ ಪ್ರಶ್ನೆ ಬರುತ್ತದೆ. ಇದನ್ನು `-s 4 -E 2 -b 4` ಕೊಟ್ಟು ಓಡಿಸಿ:

```
 L 10,1
 L 110,1
 L 10,1
 L 210,1
 L 10,1
```

ಮೂರು ವಿಳಾಸವೂ ಸೆಟ್ 1ಕ್ಕೇ ಬೀಳುತ್ತವೆ. ಟ್ಯಾಗ್ 0, 1, 2. ಬರಬೇಕಾದ್ದು 2 ಹಿಟ್, 3 ಮಿಸ್, 1 ಎವಿಕ್ಷನ್.

ಕಾಪು_ಕೋಡರ್
ನನ್ನದರಲ್ಲಿ 1 ಹಿಟ್, 4 ಮಿಸ್, 2 ಎವಿಕ್ಷನ್!

ಬಂದರು_ಬೈಟ್ಸ್
ಹಾಗಾದರೆ ಸಿಕ್ಕಿತು. ಮೂರನೇ ಸಾಲಿನಲ್ಲಿ `10` ಹಿಟ್ ಆಯ್ತು ಅಲ್ವಾ? ಈಗಷ್ಟೇ ಬಳಸಿದ್ದು ಅದು. `210` ಬಂದಾಗ ಹೋಗಬೇಕಾದ್ದು `110`. ನಿಮ್ಮ ಕೋಡ್ `10`ನ್ನೇ ತೆಗೆಯುತ್ತಿದೆ, ಮೊದಲು ಒಳಗೆ ಬಂದದ್ದು ಅಂತ. ಹೊಸ ಬ್ಲಾಕ್ ತುಂಬಿಸುವಾಗ ಮಾತ್ರ ಸಮಯ ಬರೆಯುತ್ತಿದ್ದೀರಿ. ಹಿಟ್ ಆದಾಗಲೂ ಬರೆಯಬೇಕು:

```c
if (line->valid && line->tag == tag) {
    hits++;
    line->last = ++now;
}
```

ಕುಂದಾಪುರ_ಕರ್ನಲ್
ಕೌಂಟರ್ ಯಾಕೆ? ಲಿಂಕ್ಡ್ ಲಿಸ್ಟ್ ಇಡಿ. ಹಿಟ್ ಆದದ್ದನ್ನು ಮುಂದೆ ತನ್ನಿ, ಬಾಲದಲ್ಲಿದ್ದದ್ದನ್ನು ತೆಗೆಯಿರಿ. ನಾನು 16 ಲೈನ್‌ಗೆ ಹಾಗೇ ಮಾಡಿದ್ದೇನೆ, ಚಂದ ಓಡುತ್ತದೆ.

ಬಂದರು_ಬೈಟ್ಸ್
ನಾಲ್ಕು ಲೈನ್ ಹುಡುಕಲು ಪಾಯಿಂಟರ್ ಸರ್ಕಸ್ ಯಾಕೆ? ಟ್ಯಾಗ್ ಹೊಂದುತ್ತದಾ ನೋಡಲು ಹೇಗೂ ಎಲ್ಲ ಲೈನ್ ಮುಟ್ಟುತ್ತೇವೆ. ಅದೇ ಸುತ್ತಿನಲ್ಲಿ ಹಳೆಯದು ಯಾವುದು ಅಂತಲೂ ಗೊತ್ತಾಗುತ್ತದೆ.

ಕುಂದಾಪುರ_ಕರ್ನಲ್
ಪಾಯಿಂಟರ್ ಕಲಿಯಲಿಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಎಂಬುದು ನನ್ನ ಮಾತು.

ಕಾಪು_ಕೋಡರ್
ಆ ಒಂದು ಸಾಲು ಸೇರಿಸಿದೆ. 2, 4 ಎರಡೂ ಸರಿ ಬಂತು! ಬಂದರು ಅಣ್ಣ, ತುಂಬಾ ಉಪಕಾರ ಆಯ್ತು.

ಉಳ್ಳಾಲ_೦೭
ನನ್ನದು ಬೇರೆ ಕಥೆ. ಸಣ್ಣ ಟ್ರೇಸ್ ಎಲ್ಲ ಸರಿ, ಉದ್ದದ್ದು ಮಾತ್ರ ತಪ್ಪು. ಹಿಟ್ ಆದಾಗ ಸಮಯ ಬರೆಯುತ್ತಿದ್ದೇನೆ.

ಬಂದರು_ಬೈಟ್ಸ್
ವಿಳಾಸವನ್ನು `int`ನಲ್ಲಿ ಓದಿದ್ದೀರಾ? `7ff000398` ತರದ್ದು 32 ಬಿಟ್‌ನಲ್ಲಿ ಹಿಡಿಸುವುದಿಲ್ಲ. ಮೇಲಿನ ಬಿಟ್ ಹೋದರೆ ಬೇರೆ ಬೇರೆ ಬ್ಲಾಕ್‌ಗೆ ಒಂದೇ ಟ್ಯಾಗ್ ಬರಬಹುದು.

ಉಳ್ಳಾಲ_೦೭
ಇಲ್ಲ, `unsigned long long` ಇದೆ, ಓದುವುದು `%llx`ನಲ್ಲೇ.

ಮಣಿಪಾಲ_ಮಳೆ
`M` ನೋಡಿದ್ದೀರಾ?

ಬಂದರು_ಬೈಟ್ಸ್
ಪ್ರತಿ ಸಾಲಿಗೂ ಹಿಟ್, ಮಿಸ್ ಪ್ರಿಂಟ್ ಮಾಡಿ, ಲ್ಯಾಬ್‌ನ ಸಿಮ್ಯುಲೇಟರ್ `-v` ಕೊಟ್ಟಾಗ ತೋರಿಸುವುದರ ಜೊತೆ `diff` ಮಾಡಿ. ಮೊದಲು ತಪ್ಪುವ ಸಾಲು, ಅದರ ಹಿಂದಿನ ಹತ್ತು ಸಾಲು ಇಲ್ಲಿ ಹಾಕಿ.

ಉಳ್ಳಾಲ_೦೭
ಕರೆಂಟ್ ಬಂದ ಕೂಡಲೇ ಹಾಕುತ್ತೇನೆ.