‘ಪ್ರಯಾಣಿಕ ಕಿಲೋಮೀಟರ್’: ಭಾಗಾಕಾರವೋ ಗುಣಾಕಾರವೋ?

ಅನುವಾದಕಿ, ಮಂಗಳೂರು:
ಬಿ.ಕಾಂ.ನ ಕಾಸ್ಟಿಂಗ್ ಲೆಕ್ಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಂಗಳೂರು–ಉಡುಪಿ ಬಸ್ಸು, ದೂರ 60 ಕಿ.ಮೀ. ಎಂದು ಹಿಡಿದಿದ್ದಾರೆ. ದಿನಕ್ಕೆ 4 ಟ್ರಿಪ್, ತಿಂಗಳಿಗೆ 25 ದಿನ. 40 ಸೀಟು, ಸರಾಸರಿ 75% ಭರ್ತಿ. ಡೀಸೆಲ್ ಲೀಟರಿಗೆ 90 ರೂ., ಮೈಲೇಜ್ 4 ಕಿ.ಮೀ. ಡೀಸೆಲ್‌ಗೆ 2,70,000 ಸೇರಿ ತಿಂಗಳ ಒಟ್ಟು ಖರ್ಚು 4,14,000. ಕೇಳಿರುವುದು ‘ಕಾಸ್ಟ್ ಪರ್ ಪ್ಯಾಸೆಂಜರ್ ಕಿಲೋಮೀಟರ್’. ಅದನ್ನು ‘ಪ್ರಯಾಣಿಕರಿಗೆ ಪ್ರತಿ ಕಿಲೋಮೀಟರ್ ವೆಚ್ಚ’ ಎಂದರೆ ಸರಿಯೇ?

ಕುಂದಾಪುರದಿಂದ:
ಸರಿಯೇ ಇದೆ. 4 × 60 × 25 = 6,000 ಕಿ.ಮೀ. ಖರ್ಚನ್ನು ಭಾಗಿಸಿದರೆ 69 ರೂ., ಅದನ್ನು 30 ಜನರಿಗೆ ಹಂಚಿದರೆ 2.30.

ಬಸ್ ಕಚೇರಿಯ ಲೆಕ್ಕಿಗರು, ಉಡುಪಿ:
ಹಂಚಿದ ಕ್ರಮ ಸರಿ, ಕಿಲೋಮೀಟರ್ ತಪ್ಪಿದೆ. ಟ್ರಿಪ್ ಅಂದರೆ ಒಂದು ಕಡೆಯ ಓಟವೋ, ಹೋಗಿ ಬರುವುದೋ ಎಂದು ಲೆಕ್ಕದಲ್ಲಿ ಹೇಳಿಲ್ಲ. ಆದರೆ ಡೀಸೆಲ್ ಸಾಲು ಹೇಳಿಬಿಡುತ್ತದೆ: 2,70,000ವನ್ನು 90ರಿಂದ ಭಾಗಿಸಿದರೆ 3,000 ಲೀಟರ್, ಅಂದರೆ 12,000 ಕಿ.ಮೀ. ಹಾಗಾಗಿ ಇಲ್ಲಿ ಹೋಗಿ ಬಂದರೆ ಒಂದು ಟ್ರಿಪ್.

ಇನ್ನು ಪದ. ‘ಮಾನವ ದಿನ’ ಅನ್ನುವಾಗ ಆಳುಗಳನ್ನು ದಿನಗಳಿಂದ ಗುಣಿಸುತ್ತೇವಲ್ಲ, ಇದೂ ಹಾಗೆಯೇ. 12,000 × 30 = 3,60,000 ಪ್ರಯಾಣಿಕ ಕಿಲೋಮೀಟರ್. 4,14,000 ÷ 3,60,000 = 1.15 ರೂ. ಮೇಡಂ, ನಿಮ್ಮ ಅನುವಾದ ಓದಿದ ಹುಡುಗ ಖರ್ಚನ್ನು 12,000ದಿಂದ ಮಾತ್ರ ಭಾಗಿಸಿ 34.50 ಎಂದು ನಿಲ್ಲಿಸುತ್ತಾನೆ. ಅದು ಬಸ್ಸು ಒಂದು ಕಿ.ಮೀ. ಓಡುವ ಖರ್ಚು, ಸೀಟಿನಲ್ಲಿ ಕೂತ ಒಬ್ಬರದಲ್ಲ.

ಮೂಲ್ಕಿಯಿಂದ:
ನಾನು ಮಂಗಳೂರಲ್ಲಿ ಹತ್ತಿ ಮೂಲ್ಕಿಯಲ್ಲಿ ಇಳಿಯುವವನು. 1.15ರ ಪ್ರಕಾರ ನಮಗೆ ಟಿಕೆಟ್ ಕಡಿಮೆಯಾಗಬೇಕಲ್ಲ?

ಲೆಕ್ಕಿಗರು:
1.15 ದರವಲ್ಲ ಸರ್, ವೆಚ್ಚ. ಅದರಲ್ಲಿ ಲಾಭ ಸೇರಿಲ್ಲ. ಆದರೆ ನೀವು ನಡುವೆ ಇಳಿಯುವುದು ಈ ಪದಕ್ಕೆ ಮುಖ್ಯ. ಬಸ್ಸು 30 ಜನರೊಂದಿಗೆ ಹೊರಟಿತು ಅನ್ನಿ. ಮೂಲ್ಕಿಯಲ್ಲಿ 10 ಮಂದಿ ಇಳಿದು, ಬೇರೆ 10 ಮಂದಿ ಉಡುಪಿಗೆ ಹತ್ತಿದರು. ಕಂಡಕ್ಟರ್ ಹರಿದ ಟಿಕೆಟ್ 40, ಬಸ್ಸಿನಲ್ಲಿ ಉದ್ದಕ್ಕೂ ಇದ್ದದ್ದು 30. ಟಿಕೆಟ್ ಎಣಿಸಿ 40 × 60 ಮಾಡಿದರೆ ಆ ಓಟಕ್ಕೆ 2,400 ಬರುತ್ತದೆ, ನಿಜಕ್ಕೂ ಆದದ್ದು 1,800. ಟಿಕೆಟ್ ಎಣಿಕೆ ನಂಬಿದರೆ ವೆಚ್ಚ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಪುಸ್ತಕದ ಲೆಕ್ಕದಲ್ಲಿ 75% ಎಂದು ಕೊಟ್ಟುಬಿಡುತ್ತಾರೆ. ಕಚೇರಿಯಲ್ಲಿ ಅದನ್ನು ಸ್ಟೇಜ್ ಸ್ಟೇಜಿಗೂ ಕೂಡಿಸಿ ತೆಗೆಯಬೇಕು.

ಅನುವಾದಕಿ:
ಹಾಗಾದರೆ ‘ಪ್ರತಿ ಪ್ರಯಾಣಿಕ-ಕಿಲೋಮೀಟರಿನ ವೆಚ್ಚ’ ಎಂದು ಗೆರೆ ಹಾಕಿ ಬರೆಯುತ್ತೇನೆ. ಟ್ರಿಪ್‌ಗೆ ‘ಸುತ್ತು’ ಆಗಬಹುದೇ?

ಕುಂದಾಪುರದಿಂದ:
ಸುತ್ತು ಅಂದರೆ ಊರೆಲ್ಲ ಬಳಸಿ ಹೋದ ಹಾಗೆ ಕೇಳುತ್ತದೆ. ಟ್ರಿಪ್ ಎಂದೇ ಇಟ್ಟು ‘ಹೋಗಿ ಬರುವ’ ಎಂದು ಮುಂದೆ ಸೇರಿಸಿ.

ಲೆಕ್ಕಿಗರು:
ನನಗೆ ಸುತ್ತು ಒಪ್ಪಿಗೆ. ಹೊರಟಲ್ಲಿಗೇ ಮರಳಿದರೆ ತಾನೇ ಸುತ್ತು?