ನಿಫ್ಟಿ ಏರಿತು, ನನ್ನ ಕಾಲ್ ಇಳಿಯಿತು!

ಚೇತನ್: ಮೇಡಂ, ಹೋದ ಮಂಗಳವಾರ ನಿಫ್ಟಿ 25,000 ಇದ್ದಾಗ, ಈ ಮಂಗಳವಾರ, ಅಂದರೆ ನಾಳೆ, ಎಕ್ಸ್‌ಪೈರಿ ಆಗುವ 25,000 ಕಾಲ್ 165ಕ್ಕೆ ತೆಗೆದುಕೊಂಡೆ. ಇವತ್ತು ಸೋಮವಾರ, ನಿಫ್ಟಿ 25,060. ಕಾಲ್ ಮಾತ್ರ 95! ನಿಫ್ಟಿ ನನ್ನ ಕಡೆಗೇ ಬಂದಿದೆ ಅಲ್ವಾ? ದುಡ್ಡು ಎಲ್ಲಿ ಹೋಯಿತು?

ಸುಧಾ (ಆಪ್ಷನ್ಸ್ ಡೆಸ್ಕ್): ನೀವು ಕೊಂಡಾಗ ಸ್ಪಾಟ್, ಅಂದರೆ ನಿಫ್ಟಿಯ ಆಗಿನ ಮಟ್ಟ, ಮತ್ತು ಕಾಲ್‌ನ ಸ್ಟ್ರೈಕ್ ಎರಡೂ 25,000, ಒಂದೇ. ಇನ್‌ಟ್ರಿನ್ಸಿಕ್ ಅಂದರೆ ಆ ಕ್ಷಣವೇ ಎಕ್ಸ್‌ಪೈರಿ ಆದರೆ ಸಿಗುವ ದುಡ್ಡು. ಹಾಗಾಗಿ ಆ 165ರಲ್ಲಿ ಅದು ಒಂದು ಪೈಸೆಯೂ ಇರಲಿಲ್ಲ, ಅಷ್ಟೂ ಏಳು ದಿನದ ಟೈಮ್ ವ್ಯಾಲ್ಯೂ. ಈಗಿನ 95ರಲ್ಲಿ 60 ಇನ್‌ಟ್ರಿನ್ಸಿಕ್, 35 ಟೈಮ್. ಒಂದು ಕಡೆ 60 ಬಂತು, ಇನ್ನೊಂದು ಕಡೆ 130 ಹೋಯಿತು.

ಆ 130 ಪೂರ್ತಿ ದಿನ ಕಳೆದದ್ದಕ್ಕೇ ಹೋದದ್ದಲ್ಲ. ಸ್ಟ್ರೈಕ್ ಹತ್ತಿರವೇ ಇರುವ ಆಪ್ಷನ್‌ನ ಟೈಮ್ ವ್ಯಾಲ್ಯೂ, ಉಳಿದ ದಿನಗಳ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ. ಆಗ ಏಳು ದಿನ ಇತ್ತು, ಈಗ ಒಂದೇ. ಏಳರ ವರ್ಗಮೂಲ ಸುಮಾರು 2.65, ಅದರಿಂದ 165 ಭಾಗಿಸಿ. ವೊಲಟಿಲಿಟಿ, ಅಂದರೆ ಮಾರುಕಟ್ಟೆ ನಿರೀಕ್ಷಿಸುವ ಏರಿಳಿತ, ಬದಲಾಗದೆ ನಿಫ್ಟಿ 25,000ದಲ್ಲೇ ನಿಂತಿದ್ದರೆ ಇವತ್ತು 62ರ ಆಸುಪಾಸು ಉಳಿದಿರುತ್ತಿತ್ತು. ಅದು 35 ಆಗಿರುವುದು ನಿಫ್ಟಿ ಸ್ಟ್ರೈಕ್‌ನಿಂದ ದೂರ ಸರಿದದ್ದಕ್ಕೆ. ಯಾವ ಕಡೆಗೆ ಸರಿದರೂ ಟೈಮ್ ವ್ಯಾಲ್ಯೂ ಕಮ್ಮಿಯಾಗುತ್ತದೆ.

ಮಂಜುನಾಥ: ಅದಕ್ಕೇ ನಾನು ಕೊಳ್ಳುವುದೇ ಇಲ್ಲ, ಮಾರುತ್ತೇನೆ. ಕೊನೆಯ ಎರಡು ದಿನದಲ್ಲಿ ಜಾಸ್ತಿ ಕರಗುತ್ತೆ, ದೂರದ 25,500 ಕಾಲ್ ಸೋಮವಾರ ಮಾರಿದರೆ ಸಾಕು.

ಸುಧಾ: ಮೊದಲರ್ಧ ಸರಿ ಮಂಜುನಾಥ್, ಅದೂ ಸ್ಟ್ರೈಕ್ ಹತ್ತಿರದವಕ್ಕೆ. ಇದೇ ವೊಲಟಿಲಿಟಿಯಲ್ಲಿ ಆ 25,500 ಕಾಲ್ ವಾರದ ಮೊದಲು ಹೆಚ್ಚೂಕಡಿಮೆ 20 ಇರುತ್ತದೆ. ನಿಫ್ಟಿ ಅಲ್ಲಾಡದಿದ್ದರೆ ಮೂರು ದಿನ ಉಳಿದಾಗಲೇ ಎರಡೋ ಮೂರೋ ರೂಪಾಯಿ. ಸೋಮವಾರ ಮಾರಲು ಉಳಿದಿರುವುದೇನು? ಚಿಲ್ಲರೆಗೆ ದೊಡ್ಡ ರಿಸ್ಕ್ ಅಷ್ಟೆ.

ಚೇತನ್: ಹಾಗಾದರೆ 25,165 ಬರುವ ತನಕ ಕಾಯಲೇ?

ಸುಧಾ: ಅದು ನಿಮ್ಮ ಹಳೆಯ ಲೆಕ್ಕ. ಈಗ ಇಟ್ಟುಕೊಳ್ಳುವುದೆಂದರೆ 95ಕ್ಕೆ ಹೊಸದಾಗಿ ಕೊಂಡ ಹಾಗೆ. ನಾಳೆ 25,095 ದಾಟಿ ಮುಗಿದರೆ ಮಾತ್ರ ಕಾದದ್ದಕ್ಕೆ ಲಾಭ. ದಾಟುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ.

ಫಾತಿಮಾ: ನನ್ನದು ಉಲ್ಟಾ ಕಥೆ. ಇನ್ನೂ ಒಂದು ತಿಂಗಳಿರುವ 26,500 ಪುಟ್. ಇನ್‌ಟ್ರಿನ್ಸಿಕ್ಕೇ 1,440, ಸ್ಕ್ರೀನ್ ಮೇಲೆ 1,310. ಟೈಮ್ ವ್ಯಾಲ್ಯೂ ಮೈನಸ್ಸಾ? ಆ್ಯಪ್ ಕೆಟ್ಟಿದೆಯಾ?

ಸುಧಾ: ಸ್ಪಾಟ್ ಬಿಟ್ಟು ಅದೇ ತಿಂಗಳ ಫ್ಯೂಚರ್ಸ್ ಹಿಡಿದು ಲೆಕ್ಕ ಹಾಕಿ. ಬಡ್ಡಿಯ ಕಾರಣಕ್ಕೆ ಅದು ಸಾಮಾನ್ಯವಾಗಿ ಸ್ಪಾಟ್‌ಗಿಂತ ಮೇಲಿರುತ್ತದೆ, ಹಾಗಾಗಿ 26,500ಕ್ಕೂ ಅದಕ್ಕೂ ಇರುವ ಅಂತರ 1,440ಕ್ಕಿಂತ ಕಮ್ಮಿ. ನಿಫ್ಟಿ ಆಪ್ಷನ್ ಎಕ್ಸ್‌ಪೈರಿ ದಿನ ಮಾತ್ರ ಎಕ್ಸರ್‌ಸೈಜ್ ಆಗುವುದರಿಂದ ಆ 1,440 ಇವತ್ತೇ ಯಾರ ಕೈಗೂ ಸಿಗುವುದಿಲ್ಲ. ನಿಫ್ಟಿ ಇಲ್ಲೇ ಇದ್ದರೆ ಎಕ್ಸ್‌ಪೈರಿ ಹತ್ತಿರವಾದಂತೆ ನಿಮ್ಮ ಪುಟ್ ಏರುತ್ತದೆ. ಬಿಡ್, ಆಸ್ಕ್ ಎಷ್ಟಿದೆ?

ಫಾತಿಮಾ: 1,265, 1,355.

ಸುಧಾ: 90 ರೂಪಾಯಿ ಅಂತರ! ಹಾಗಾದರೆ ಆ 1,310 ಯಾವಾಗಿನ ಟ್ರೇಡೋ ಏನೋ. ಅದರಲ್ಲಿ ಬಡ್ಡಿಯ ಪಾಲೆಷ್ಟು, ವ್ಯವಹಾರವೇ ಇಲ್ಲದ ಸ್ಟ್ರೈಕ್‌ನ ಪಾಲೆಷ್ಟು ಅಂತ ಇಲ್ಲಿಂದ ಹೇಳಲಾರೆ.