ಸೋದರಮಾವನ ಮದುವೆ ಇರುವ ಪೆಡಿಗ್ರಿ: ಆಟೋಸೋಮಲ್ಲೋ, ಎಕ್ಸ್-ಲಿಂಕ್ಡೋ?

ರಮ್ಯಾ, ಪಿಯುಸಿ, ಮದ್ದೂರು: ಟೆಸ್ಟ್‌ನಲ್ಲಿ ಬಂದ ಪೆಡಿಗ್ರಿ. ಗಂಡ ಹೆಂಡತಿ ಸೋದರಮಾವ, ಅಕ್ಕನ ಮಗಳು. ಇಬ್ಬರಿಗೂ ಕಿವಿ ಚೆನ್ನಾಗಿ ಕೇಳಿಸುತ್ತದೆ. ನಾಲ್ಕು ಮಕ್ಕಳಲ್ಲಿ ಇಬ್ಬರು ಹುಡುಗರಿಗೆ, ಒಬ್ಬ ಹುಡುಗಿಗೆ ಹುಟ್ಟಿನಿಂದಲೇ ಕಿವುಡು. ಗಂಡನ ತಮ್ಮನಿಗೂ ಇದೆ. ಗಂಡಸರೇ ಜಾಸ್ತಿ ಅಂತ ಎಕ್ಸ್-ಲಿಂಕ್ಡ್ ರಿಸೆಸಿವ್ ಬರೆದೆ. ತಪ್ಪು ಅಂದರು. ಯಾಕೆ ಮೇಡಂ?

ಶೈಲಜಾ, ಜೆನೆಟಿಕ್ ಕೌನ್ಸೆಲರ್, ಮೈಸೂರು: ರಮ್ಯಾ, ಗಂಡಸರನ್ನು ಎಣಿಸಬೇಡಮ್ಮ. ಆ ಹುಡುಗಿಯನ್ನು ನೋಡು, ಆಮೇಲೆ ಅವಳ ಅಪ್ಪನನ್ನು ನೋಡು. ಎಕ್ಸ್-ಲಿಂಕ್ಡ್ ಆಗಿದ್ದರೆ ಅವಳ ಎರಡೂ ಎಕ್ಸ್‌ನಲ್ಲಿ ಕೆಟ್ಟ ಜೀನ್ ಇರಬೇಕು. ಒಂದು ಎಕ್ಸ್ ಅಪ್ಪನದೇ. ಅಪ್ಪನಿಗೆ ಇರುವುದು ಒಂದೇ ಎಕ್ಸ್. ಅದು ಕೆಟ್ಟಿದ್ದರೆ ಅವನಿಗೂ ಕಿವಿ ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿದೆ. ಹಾಗಾಗಿ ಆಟೋಸೋಮಲ್ ರಿಸೆಸಿವ್.

ನೀನು ಸಿಕ್ಕಿಬಿದ್ದ ಜಾಗ ಬೇರೆ ಇದೆ. ಆ ಗಂಡನ ತಮ್ಮ ಮಕ್ಕಳಿಗೆ ಚಿಕ್ಕಪ್ಪ, ಅವರ ತಾಯಿಗೆ ಸೋದರಮಾವ. ತಾಯಿ ಕಡೆಯ ಗಂಡಸಿಗೆ ಕಾಯಿಲೆ ಅಂದ ಕೂಡಲೇ ಎಕ್ಸ್ ನೆನಪಾಗುತ್ತದೆ, ಅಲ್ವಾ? ನಮ್ಮ ಕಡೆ ಮದುವೆಗಳಲ್ಲಿ ಒಬ್ಬನೇ ಎರಡೂ ಕಡೆಯವನಾಗಿರುತ್ತಾನೆ. ಮೊದಲು ಸಂಬಂಧದಲ್ಲಿ ಆದ ಮದುವೆ ತೋರಿಸುವ ಜೋಡಿ ಗೆರೆ ಎಲ್ಲಿದೆ ಅಂತ ಹುಡುಕು.

ಮಂಜುನಾಥ, ಹೈಸ್ಕೂಲ್ ಮೇಷ್ಟ್ರು, ಪಾಂಡವಪುರ: ಅಪ್ಪನಿಗೂ ಮಗನಿಗೂ ಇದ್ದರೆ ಎಕ್ಸ್-ಲಿಂಕ್ಡ್ ಅಲ್ಲವೇ ಅಲ್ಲ. ಇದನ್ನು ಹಿಡಿದರೆ ಸಾಕು.

ಶೈಲಜಾ: ಸರ್, ಅಪ್ಪ ಮಗನಿಗೆ ಕೊಡುವುದು ವೈ. ಅಷ್ಟು ಸರಿ. ಆದರೆ ತಾಯಿಯೂ ಕ್ಯಾರಿಯರ್ ಆಗಿದ್ದರೆ ಮಗನಿಗೆ ಅವಳಿಂದ ಬರಬಹುದು. ಕಾಯಿಲೆ ಇರುವವನು ಅಕ್ಕನ ಮಗಳನ್ನೇ ಮದುವೆಯಾಗಿದ್ದರೆ ಇದು ಅಪರೂಪವಲ್ಲ. ಆಗ ಮಗಳಿಗೂ ಬರಬಹುದು. ಅದಕ್ಕೇ ನಾನು ಅಪ್ಪನಿಗೆ ಇದೆಯೋ ಇಲ್ಲವೋ ಅಂತಲೇ ಮೊದಲು ಕೇಳುವುದು.

ಸುಮಾ, ಮಂಡ್ಯ: ನನ್ನ ತಂಗಿಯ ಮಗನಿಗೆ ಹಿಮೊಫಿಲಿಯಾ ಎ. ತಂಗಿಯನ್ನು ಮಾವನಿಗೇ ಕೊಟ್ಟಿದ್ದೆವು. ಸಂಬಂಧದಲ್ಲಿ ಕೊಟ್ಟಿದ್ದಕ್ಕೇ ಹೀಗಾಯಿತು ಅಂತಾರೆ ಎಲ್ಲರೂ.

ಶೈಲಜಾ: ಸುಮಾ, ತಂಗಿಯ ಗಂಡನಿಗೆ ಈ ಕಾಯಿಲೆ ಇಲ್ಲ ತಾನೇ? ಹಾಗಿದ್ದರೆ ಮಾವನಾದರೂ ಹೊರಗಿನವನಾದರೂ ಒಂದೇ. ಈ ಕಾಯಿಲೆಯ ಜೀನ್ ಇರುವುದು ಎಕ್ಸ್‌ನಲ್ಲಿ, ಮಗನಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಹೊಸದಾಗಿ ಹುಟ್ಟಿದ ಬದಲಾವಣೆಯೂ ಆಗಿರಬಹುದು. ಮುಂದಿನ ಮಗುವಿಗೆ ಮೊದಲು ತಂಗಿಗೆ ಕ್ಯಾರಿಯರ್ ಟೆಸ್ಟ್ ಮಾಡಿಸಿ. ಅವರು ಕ್ಯಾರಿಯರ್ ಆಗಿದ್ದರೆ ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ರಮ್ಯಾ: ಮೇಡಂ, ಆ ಹುಡುಗಿಗೆ ಕಿವಿ ಕೇಳಿಸುತ್ತಿದ್ದರೆ?

ಶೈಲಜಾ: ಆಗ ಎರಡೂ ಹೊಂದುತ್ತವೆ. ಕಾಯಿಲೆ ಇರುವ ಮೂವರೂ ಗಂಡಸರೇ ಆಗುವುದು ಆಟೋಸೋಮಲ್‌ನಲ್ಲೂ ಎಂಟಕ್ಕೊಂದು ಸಲ ಸುಮ್ನೆ ಆಗುತ್ತದೆ. ಚಾರ್ಟ್ ನೋಡಿ ಹೇಳಲು ಬರಲ್ಲ, ಜೀನ್ ಟೆಸ್ಟೇ ಬೇಕು.

ಮಂಜುನಾಥ: ಬಣ್ಣಗುರುಡು ಇರುವ ಹುಡುಗಿಯ ಅಪ್ಪ ನನಗೇನೂ ಇಲ್ಲ ಅಂದರೆ ನಂಬಬಹುದಾ?

ಶೈಲಜಾ: ಬಾಯಿಮಾತಿಗೆ ನಂಬಬೇಡಿ ಸರ್. ಎಷ್ಟೋ ಜನರಿಗೆ ತಮಗೆ ಇರುವುದೇ ಗೊತ್ತಿರುವುದಿಲ್ಲ. ಇಶಿಹಾರಾ ಪ್ಲೇಟ್ ತೋರಿಸಿ ನೋಡಿ, ಆಮೇಲೆ ಚಾರ್ಟ್‌ನಲ್ಲಿ ಅಪ್ಪನ ಚೌಕ ತುಂಬಿ.